ಹಕ್ಕನ್ನು ಕಾದಿರಿಸಿಕೊಳ್ಳುವ ಒಂದು ವಾಕ್ಯ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ಈ ನಾಲ್ಕು ತಾಲ್ಲೂಕುಗಳಲ್ಲಿ ಬೇಸಾಯ ಮಾಡುವವನಿಗೂ ಅವನಿಗೆ ಬೀಜ, ಗೊಬ್ಬರ, ಸಸಿ, ಪೈಪು ಮೊದಲಾದುವನ್ನು ಒದಗಿಸುವ ಅಂಗಡಿಯವನಿಗೂ ಇರುವ ಸಂಬಂಧವು ಒಂದು ದಿನದ ಕೊಡುಕೊಳೆಯದಲ್ಲ. ಇಂದು ಸಾಲವಾಗಿ ತಂದದ್ದನ್ನು ಬೆಳೆ ಬಂದಾಗ ತೀರಿಸುವುದು, ತೀರಿಸಿದ ಮರುದಿನವೇ ಮುಂದಿನ ಬೆಳೆಗೆ ಮತ್ತೆ ತರುವುದು, ನಡುವೆ ಮದುವೆ ಮುಂಜಿಗಳಲ್ಲಿ ಒಬ್ಬರ ಮನೆಗೊಬ್ಬರು ಹೋಗಿಬರುವುದು, ಇವೆಲ್ಲವೂ ಅದರಲ್ಲಿ ಹೆಣೆದುಕೊಂಡಿವೆ. ಆದುದರಿಂದ ಕೊಂಡ ಪದಾರ್ಥದಲ್ಲಿ ದೋಷ ಕಂಡುಬಂದಾಗ ಈ ಸೀಮೆಯ ಜನ ಸಾಮಾನ್ಯವಾಗಿ ಎರಡು ದಾರಿಗಳಲ್ಲೊಂದನ್ನು ಹಿಡಿಯುತ್ತಾರೆ. ಒಂದು, ಬಾಯಿಮಾತಿನಲ್ಲಿ ನಾಲ್ಕು ಸಲ ಹೇಳಿ, ಕೊಟ್ಟಷ್ಟನ್ನು ತೆಗೆದುಕೊಂಡು ಸುಮ್ಮನಾಗುವುದು. ಮತ್ತೊಂದು, ತಾಳ್ಮೆಗೆಟ್ಟು ವಕೀಲರಿಂದ ನೋಟೀಸು ಕೊಡಿಸಿ ಆ ಅಂಗಡಿಯ ಮೆಟ್ಟಿಲನ್ನೇ ಮುಂದೆ ತುಳಿಯದಿರುವುದು. ಮೊದಲನೆಯದರಲ್ಲಿ ಹಕ್ಕು ಹೋಗುತ್ತದೆ, ಎರಡನೆಯದರಲ್ಲಿ ಸ್ನೇಹ ಹೋಗುತ್ತದೆ. ಇವೆರಡನ್ನೂ ಉಳಿಸಿಕೊಳ್ಳಬಯಸುವವನು ತನ್ನ ದೂರುಪತ್ರದಲ್ಲಿ ಬರೆಯಬೇಕಾದ ವಾಕ್ಯವೊಂದುಂಟು. ‘ನನಗೆ ಕಾನೂನಿನಂತೆ ಇರುವ ಹಕ್ಕುಗಳನ್ನು ನಾನು ಬಿಟ್ಟುಕೊಟ್ಟಿಲ್ಲ’ ಎಂಬ ಅರ್ಥದ ಆ ವಾಕ್ಯವನ್ನು ಅನೇಕರು ಬೆದರಿಕೆಯೆಂದು ಭಾವಿಸಿ ಬರೆಯಲು ಹಿಂಜರಿಯುತ್ತಾರೆ. ಇನ್ನು ಅನೇಕರು ಅದನ್ನು ಬರೆದುಬಿಟ್ಟರೆ ಎಲ್ಲವೂ ಕ್ಷೇಮವೆಂದು ನಂಬುತ್ತಾರೆ. ಈ ಎರಡು ಭಾವನೆಗಳೂ ತಪ್ಪು. ವಾಕ್ಯವು ಮಾಡುವ ಕೆಲಸವೇನು, ಮಾಡದ ಕೆಲಸವೇನು ಎಂಬುದನ್ನು ಒಂದು ಪ್ರಸಂಗದ ಮೂಲಕ ವಿಚಾರಿಸೋಣ.

ಆವನಿಯ ಬೆಟ್ಟದ ತಪ್ಪಲಲ್ಲಿ ಒಂದೂವರೆ ಎಕರೆ ನೀರಾವರಿ ಜಮೀನಿರುವ ರೈತನೊಬ್ಬನನ್ನು ಕಲ್ಪಿಸಿಕೊಳ್ಳಿ. ಜೂನ್ ಮೊದಲ ವಾರದಲ್ಲಿ ಆತನು ಹತ್ತಿರದ ನರ್ಸರಿಯೊಂದರಿಂದ 10,000 ಟೊಮೆಟೊ ಸಸಿಗಳನ್ನು, ಅಂದರೆ ಇಲ್ಲಿಯವರು ನಾರು ಎನ್ನುವುದನ್ನು, ಒಂದಕ್ಕೆ ಒಂದು ರೂಪಾಯಿಯಂತೆ ಕೊಂಡು ನಾಟಿ ಮಾಡಿದನು. ದೂರದ ಮಾರುಕಟ್ಟೆಗೆ ಲಾರಿಯಲ್ಲಿ ಹೋಗಲು ತಕ್ಕ, ಸಿಪ್ಪೆ ಗಟ್ಟಿಯಾದ ಇಂತಹ ಹೈಬ್ರಿಡ್ ತಳಿಯೇ ಬೇಕೆಂದು ಹೇಳಿ ಕೊಂಡದ್ದು. ಬಿಲ್ಲಿನಲ್ಲಿಯೂ ಆ ತಳಿಯ ಹೆಸರೇ ಇದೆ. ಆಗಸ್ಟ್ ತಿಂಗಳಲ್ಲಿ ಕಾಯಿ ಹಣ್ಣಾಗತೊಡಗಿದಾಗ ನೋಡಿದರೆ, ಸಾಲುಸಾಲಿನಲ್ಲಿಯೂ ಮೂರರಲ್ಲೊಂದು ಪಾಲು ಗಿಡಗಳು ಬೇರೆ ಜಾತಿಯವು. ಹಣ್ಣು ಚಿಕ್ಕದು, ಸಿಪ್ಪೆ ತೆಳು, ಬಿಡಿಸಿದ ಎರಡನೆಯ ದಿನಕ್ಕೆ ಮೆತ್ತಗಾಗುತ್ತದೆ. ವಡ್ಡಹಳ್ಳಿಯ ಮಾರುಕಟ್ಟೆಯಲ್ಲಿ ಆ ಬೆರಕೆ ಹಣ್ಣನ್ನು ಕೇಳುವವರಿಲ್ಲ. 15 ಕಿಲೋ ಹಿಡಿಯುವ ಬಾಕ್ಸಿನ ಲೆಕ್ಕದಲ್ಲಿ ಬೆಳೆಯ ಕೊನೆಯವರೆಗೆ 300 ಬಾಕ್ಸ್ ಕೈಬಿಟ್ಟುಹೋಗುವುದೆಂದೂ, ಬಾಕ್ಸಿಗೆ 300 ರೂಪಾಯಿಯಂತೆ ನಷ್ಟವು 90,000 ರೂಪಾಯಿ ಎಂದೂ ಆತನ ಅಂದಾಜು.

ಆತನು ನರ್ಸರಿಗೆ ಹೋಗಿ ಹೇಳಿದನು. ಮಾಲೀಕನು ದೋಷವನ್ನು ಅಲ್ಲಗಳೆಯಲಿಲ್ಲ. ‘ಏನೋ ಟ್ರೇ ಬೆರಕೆ ಆಗಿರಬೇಕಣ್ಣ. ಸಸಿ ದುಡ್ಡು ಹತ್ತು ಸಾವಿರ ವಾಪಸ್ ಕೊಡ್ತೀನಿ, ಈ ಚೀಟಿಗೊಂದು ಸೈನ್ ಹಾಕು’ ಎಂದನು. ಚೀಟಿಯಲ್ಲಿದ್ದುದು ಒಂದೇ ಸಾಲು: ‘ಸಸಿಗಳ ಬಾಬ್ತು 10,000 ರೂಪಾಯಿ ಪಡೆದಿದ್ದೇನೆ, ಲೆಕ್ಕ ಚುಕ್ತಾ.’

ನಮ್ಮ ವಿಷಯವೆಲ್ಲವೂ ಆ ಕೊನೆಯ ಎರಡು ಪದಗಳಲ್ಲಿ ಅಡಗಿದೆ. 1872ರ ಭಾರತೀಯ ಕರಾರು ಅಧಿನಿಯಮದ 63ನೆಯ ಪ್ರಕರಣವು, ಕರಾರಿನಂತೆ ತನಗೆ ಸಲ್ಲಬೇಕಾದುದನ್ನು ಪಡೆಯತಕ್ಕವನು ಅದನ್ನು ಪೂರ್ತಿಯಾಗಿಯಾಗಲಿ ಭಾಗಶಃವಾಗಲಿ ಬಿಟ್ಟುಬಿಡಬಹುದು, ಅಥವಾ ಅದರ ಬದಲಿಗೆ ತನಗೆ ಸರಿಕಂಡ ಬೇರೆ ಯಾವುದನ್ನಾದರೂ ಒಪ್ಪಿಕೊಳ್ಳಬಹುದು ಎಂದು ಹೇಳುತ್ತದೆ. ಅದಕ್ಕೆ ಕೊಟ್ಟಿರುವ ಉದಾಹರಣೆಯೊಂದರಲ್ಲಿ 5,000 ರೂಪಾಯಿ ಸಾಲವಿದ್ದವನು 2,000 ರೂಪಾಯಿ ಕೊಡುತ್ತಾನೆ, ಸಾಲ ಕೊಟ್ಟವನು ಅದನ್ನೇ ಇಡೀ ಸಾಲದ ತೀರುವಳಿಯೆಂದು ಒಪ್ಪಿ ತೆಗೆದುಕೊಳ್ಳುತ್ತಾನೆ. ಅಲ್ಲಿಗೆ ಸಾಲವೆಲ್ಲ ತೀರಿತು. ಉಳಿದ 3,000 ರೂಪಾಯಿಯನ್ನು ಬಿಟ್ಟುದಕ್ಕೆ ಪ್ರತಿಫಲವೇನಾದರೂ ದೊರೆಯಿತೇ ಎಂದು ನಮ್ಮ ದೇಶದ ಕಾನೂನು ಕೇಳುವುದಿಲ್ಲ. ಬಿಡುವವನು ಬಿಡಲು ಒಪ್ಪಿದನೇ ಎಂಬುದೊಂದೇ ಪ್ರಶ್ನೆ. ಹಾಗಾದರೆ ರೈತನು ಹತ್ತು ಸಾವಿರವನ್ನು ಕೈನೀಡಿ ತೆಗೆದುಕೊಂಡ ಕ್ಷಣದಲ್ಲಿ ಆತನ ಮನಸ್ಸಿನಲ್ಲಿದ್ದುದು ಏನು? ‘ಬಂದಷ್ಟು ಬರಲಿ, ಉಳಿದದ್ದನ್ನು ಆಮೇಲೆ ಕೇಳೋಣ’ ಎಂದೇ, ಅಥವಾ ‘ಇಷ್ಟಕ್ಕೆ ಮುಗಿಯಿತು’ ಎಂದೇ? ಹಣ ತೆಗೆದುಕೊಂಡ ಕ್ರಿಯೆಯು ಈ ಎರಡು ಅರ್ಥಗಳಿಗೂ ಎಡೆಕೊಡುತ್ತದೆ. ವರ್ಷವೊಂದು ಕಳೆದ ಮೇಲೆ ಕೋಲಾರದ ಗ್ರಾಹಕರ ಆಯೋಗದ ಮುಂದೆ ಕುಳಿತು ಆ ದಿನದ ಮನಸ್ಸನ್ನು ನೆನಪಿನಿಂದ ಸಾಧಿಸಿ ತೋರಿಸುವುದು ಸುಲಭಸಾಧ್ಯವಲ್ಲ.

ಹಕ್ಕನ್ನು ಕಾದಿರಿಸುವ ವಾಕ್ಯದ ನಿಜವಾದ ಪ್ರಯೋಜನವಿರುವುದು ಇಲ್ಲಿ. ಅದು ಹೊಸ ಹಕ್ಕೊಂದನ್ನು ಸೃಷ್ಟಿಸುವುದಿಲ್ಲ. ಎದುರಾಳಿಯ ಮೇಲೆ ಯಾವ ಬಾಧ್ಯತೆಯನ್ನೂ ಹೊರಿಸುವುದಿಲ್ಲ. ಎರಡರ್ಥವುಳ್ಳ ಒಂದು ಕ್ರಿಯೆಯನ್ನು ಮಾಡುವಾಗ, ಅದನ್ನು ತಾನು ಯಾವ ಅರ್ಥದಲ್ಲಿ ಮಾಡುತ್ತಿದ್ದೇನೆಂಬುದನ್ನು ಆ ಹೊತ್ತಿನಲ್ಲೇ, ತಾರೀಖು ಸಹಿತವಾಗಿ, ಎದುರಿನವನಿಗೆ ತಿಳಿಯುವಂತೆ ಬರೆದಿಡುತ್ತದೆ, ಅಷ್ಟೆ. ತಿಳಿದು ತಿಳಿದು ಬಿಟ್ಟರೆ ಮಾತ್ರ ಹಕ್ಕು ಹೋಗುವುದೆಂಬುದು ಕಾನೂನಿನ ಸಾಮಾನ್ಯ ನಿಯಮವಾಗಿರುವುದರಿಂದ, ಬಿಟ್ಟಿಲ್ಲವೆಂಬ ಬರಹವು ಬಿಟ್ಟನೆಂಬ ಊಹೆಗೆ ಎಡೆಗೊಡದಂತೆ ಅಡ್ಡನಿಲ್ಲುತ್ತದೆ. ತನ್ನ ಮನಸ್ಸಿನ ವಿಷಯವನ್ನು ತಾನು ಹೇಳಿಕೊಳ್ಳುವುದರಲ್ಲಿ ಮತ್ತೊಬ್ಬನ ಮೇಲೆ ಹಗೆತನವೆಂಬುದಕ್ಕೆ ಸ್ಥಳವೇ ಇಲ್ಲ. ಹಗೆತನವು ಬರುವುದು ‘ಇಲ್ಲವಾದರೆ ನಿಮ್ಮ ಮೇಲೆ ಕಾನೂನುಕ್ರಮ ಜರುಗಿಸಿ, ಅದರ ಖರ್ಚುವೆಚ್ಚಗಳಿಗೂ ನಿಮ್ಮನ್ನೇ ಹೊಣೆ ಮಾಡಲಾಗುವುದು’ ಎಂಬಂತಹ ಮಾತಿನಿಂದ. ಆ ಮಾತು ಮುಂದೆ ಮಾಡಲಿರುವ ಕೆಲಸವನ್ನು ಸಾರುತ್ತದೆಯೇ ಹೊರತು ಇಂದಿನ ಹಕ್ಕನ್ನು ಎಳ್ಳಷ್ಟೂ ಕಾಪಾಡುವುದಿಲ್ಲ. ಎಷ್ಟೋ ದೂರುಪತ್ರಗಳಲ್ಲಿ ಬೆದರಿಕೆ ಹೇರಳವಾಗಿದ್ದು ಕಾದಿರಿಸುವಿಕೆ ಒಂದಕ್ಷರವೂ ಇರುವುದಿಲ್ಲವೆಂಬುದು ವಿಷಾದಕರವಾದ ಸಂಗತಿ.

ನಮ್ಮ ರೈತನು ಚೀಟಿಗೆ ಸಹಿ ಹಾಕದೆ, ‘ಒಂದೆರಡು ದಿನ ತಡೆಯಣ್ಣ’ ಎಂದು ಹೇಳಿ ಮನೆಗೆ ಬಂದು, ಈ ಮುಂದಿನಂತೆ ಪತ್ರ ಬರೆದನೆಂದಿಟ್ಟುಕೊಳ್ಳೋಣ.

‘ಮಾನ್ಯರೇ, ತಮ್ಮ ನರ್ಸರಿಯಲ್ಲಿ ಜೂನ್ 4ರಂದು ಕೊಂಡ 10,000 ಟೊಮೆಟೊ ಸಸಿಗಳಲ್ಲಿ ಮೂರರಲ್ಲೊಂದು ಪಾಲು ಬಿಲ್ಲಿನಲ್ಲಿ ನಮೂದಿಸಿರುವ ತಳಿಯವಲ್ಲವೆಂಬುದು ಆಗಸ್ಟ್ 10ರಂದು ಹಣ್ಣು ಬಿಡಿಸುವಾಗ ತಿಳಿದುಬಂತು. ಬಿಲ್ಲಿನ ಪ್ರತಿಯನ್ನೂ ಫೋಟೋಗಳನ್ನೂ ಇದರೊಂದಿಗೆ ಇಟ್ಟಿದ್ದೇನೆ. ತೋಟವನ್ನು ಪರಿಶೀಲಿಸುವಂತೆ ತೋಟಗಾರಿಕೆ ಇಲಾಖೆಯವರನ್ನು ಕೋರಿದ್ದೇನೆ. ಅವರು ಆಗಸ್ಟ್ 18ರಂದು ಬರುತ್ತಾರೆ. ತಾವೂ ಅಂದು ಬಂದು ನೋಡಬೇಕೆಂದು ವಿನಂತಿ. ತಾವು ಕೊಡಲು ಒಪ್ಪಿರುವ 10,000 ರೂಪಾಯಿಗಳನ್ನು ನನ್ನ ನಷ್ಟದ ಒಂದು ಭಾಗವೆಂದು ಪಡೆಯಲು ಸಿದ್ಧನಿದ್ದೇನೆ. ಉಳಿದ ನಷ್ಟದ ಬಗ್ಗೆ ಕಾನೂನಿನಂತೆ ನನಗಿರುವ ಹಕ್ಕುಗಳನ್ನು ಇದರಿಂದ ಬಿಟ್ಟುಕೊಟ್ಟಂತೆ ಆಗಬಾರದು. ಉಳಿದ ಮೊತ್ತದ ವಿಷಯವನ್ನು ಸೆಪ್ಟೆಂಬರ್ 5ರೊಳಗೆ ಕೂತು ಮಾತನಾಡಿ ತೀರ್ಮಾನಿಸಿಕೊಳ್ಳೋಣ. ಬಹುಕಾಲದಿಂದ ತಮ್ಮಲ್ಲಿಯೇ ವ್ಯವಹಾರ ಮಾಡುತ್ತಿರುವ ನಾನು ಮುಂದೆಯೂ ಹಾಗೆಯೇ ನಡೆಸಿಕೊಂಡು ಹೋಗಲು ಬಯಸುತ್ತೇನೆ.’

ಕಾದಿರಿಸುವ ವಾಕ್ಯವು ಇಲ್ಲಿ ಪತ್ರದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಕುಳಿತಿಲ್ಲ, ಕೊನೆಯಲ್ಲಿ ಎಚ್ಚರಿಕೆಯಾಗಿಯೂ ನಿಂತಿಲ್ಲ. ಯಾವ ಕ್ರಿಯೆಯನ್ನು ತಪ್ಪಾಗಿ ತಿಳಿಯುವ ಸಂಭವವಿದೆಯೋ, ಅಂದರೆ ಹಣ ಪಡೆಯುವ ಕ್ರಿಯೆ, ಅದರ ಬೆನ್ನಿಗೇ ಬಂದಿದೆ. ಒಂದು ಸಲ ಹೇಳಿದೆ, ಎರಡನೆಯ ಸಲ ಹೇಳಿಲ್ಲ. ಮಾಲೀಕನು ಸುಳ್ಳುಗಾರನೆಂದಾಗಲಿ ಮೋಸಗಾರನೆಂದಾಗಲಿ ಎಲ್ಲಿಯೂ ಹೇಳಿಲ್ಲ. ಅದರ ಅಗತ್ಯವೂ ಇಲ್ಲ, ಏಕೆಂದರೆ ಬೇರೆ ತಳಿಯ ಸಸಿ ಬಂದದ್ದು ಮೋಸದಿಂದಾಗಲಿ ಕೆಲಸದಾಳಿನ ಅಜಾಗರೂಕತೆಯಿಂದಾಗಲಿ, ಕೊಂಡವನ ಹಕ್ಕಿನಲ್ಲಿ ಭೇದವಾಗುವುದಿಲ್ಲ. ಪರಿಶೀಲನೆಗೆ ಆತನನ್ನೂ ಕರೆದಿರುವುದು ಸೌಜನ್ಯವಷ್ಟೇ ಅಲ್ಲದೆ ವಿವೇಕವೂ ಹೌದು. ಒಂದು ಪಕ್ಷದವರು ಮಾತ್ರ ಇದ್ದಾಗ ಸಿದ್ಧವಾದ ವರದಿಗಿಂತ ಇಬ್ಬರಿಗೂ ತಿಳಿಸಿ ಮಾಡಿದ ವರದಿಗೆ ಬೆಲೆ ಹೆಚ್ಚು. ಇನ್ನು ಫೋಟೋ, ಬಿಲ್ಲು, ಸಸಿ ಬಂದ ಟ್ರೇ ಇವುಗಳನ್ನು ಇಟ್ಟುಕೊಂಡಿರಬೇಕೆಂಬುದು ಹೇಳದೆಯೇ ತಿಳಿಯುವ ಮಾತು. ಆದರೆ ಬಿತ್ತಿದ ಬೀಜದ ಮಾದರಿಯನ್ನು ಪರೀಕ್ಷೆಗೆಂದು ರೈತನು ತೆಗೆದಿಡಬೇಕೆಂದು ನಿರೀಕ್ಷಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ, ನೆರೆಯ ಆಂಧ್ರದ ರೈತರ ದೂರುಗಳಿಂದ ಹುಟ್ಟಿದ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿತು. ರೈತನೂ ಕಾನೂನಿನ ದೃಷ್ಟಿಯಲ್ಲಿ ಗ್ರಾಹಕನೇ ಎಂಬುದನ್ನು ಅದೇ ತೀರ್ಪು ಸ್ಥಿರಪಡಿಸಿತು.

ಪತ್ರವು ತಲುಪಿದ ಮೇಲೆ ಮಾಲೀಕನು ಹಣ ಕೊಟ್ಟರೆ, ರಸೀದಿಯಲ್ಲಿಯೂ ‘ನನ್ನ ಪತ್ರದಲ್ಲಿ ತಿಳಿಸಿರುವಂತೆ ಭಾಗಶಃ ಪರಿಹಾರವಾಗಿ ಪಡೆದಿದ್ದೇನೆ’ ಎಂದು ಬರೆದು ಸಹಿ ಹಾಕಿದರೆ ಕೆಲಸ ಕೈಗೂಡಿತು. ಆದರೆ ಆತನು, ‘ಅದೆಲ್ಲಾ ಆಗಲ್ಲ. ಹತ್ತು ಸಾವಿರಕ್ಕೆ ಮುಗಿಸೋದಾದ್ರೆ ತಗೋ, ಇಲ್ಲಾಂದ್ರೆ ಬೇಡ’ ಎಂದರೆ? ಇಲ್ಲಿಯೇ ಹೆಚ್ಚಿನ ಜನ ಎಡವುತ್ತಾರೆ. ಷರತ್ತಿನೊಡನೆ ಕೊಟ್ಟ ಹಣವನ್ನು ಇಟ್ಟುಕೊಂಡು, ಷರತ್ತನ್ನು ಮಾತ್ರ ಒಪ್ಪುವುದಿಲ್ಲವೆಂದು ಆಮೇಲೆ ಪತ್ರ ಬರೆದರೆ ಅದು ಸಲ್ಲುವುದೇ ಎಂಬ ಪ್ರಶ್ನೆಯು 2006ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ರೈಲ್ವೆಯವರು ತಮ್ಮ ಮೇಲೆ ನಷ್ಟದ ಹಕ್ಕು ಹೂಡಿದ ಭಗವತಿ ಪ್ರಸಾದ್ ಪವನ್ ಕುಮಾರ್ ಎಂಬ ವ್ಯಾಪಾರ ಸಂಸ್ಥೆಗೆ, ಕೇಳಿದ್ದಕ್ಕಿಂತ ಕಡಮೆ ಮೊತ್ತದ ಚೆಕ್ಕುಗಳನ್ನು ಕಳುಹಿಸಿ, ಇದು ಒಪ್ಪಿಗೆಯಾಗದಿದ್ದರೆ ಚೆಕ್ಕನ್ನು ಹಿಂದಿರುಗಿಸಿ, ಇಟ್ಟುಕೊಂಡರೆ ಪೂರ್ಣ ತೀರುವಳಿಗೆ ಒಪ್ಪಿದಂತೆ ತಿಳಿಯುತ್ತೇವೆ ಎಂದು ಬರೆದಿದ್ದರು. ಸಂಸ್ಥೆಯು ಚೆಕ್ಕನ್ನು ನಗದು ಮಾಡಿಸಿಕೊಂಡು ಪ್ರತಿಭಟನೆಯನ್ನೂ ಸೂಚಿಸಿತ್ತು. ಕರಾರು ಅಧಿನಿಯಮದ 8ನೆಯ ಪ್ರಕರಣದಂತೆ ಸೂಚಿಸಿದ ರೀತಿಯಲ್ಲಿ ನಡೆದುಕೊಂಡರೆ ಒಪ್ಪಿಗೆ ಕೊಟ್ಟಂತೆಯೇ. ಚೆಕ್ಕನ್ನು ನಗದು ಮಾಡಿಸಿಕೊಳ್ಳುವುದಕ್ಕೆ ಮೊದಲೇ ಪ್ರತಿಭಟನೆಯನ್ನು ತಿಳಿಸಿದ್ದರೆ ಮಾತು ಬೇರೆಯಾಗಬಹುದು, ಮಾಡಿಸಿಕೊಂಡ ಮೇಲೆ ಬರೆದ ಪತ್ರದಿಂದ ಪ್ರಯೋಜನವಿಲ್ಲ ಎಂಬುದು ಆ ತೀರ್ಪಿನ ತಾತ್ಪರ್ಯ.

ಆದಕಾರಣ ಕಾದಿರಿಸುವ ವಾಕ್ಯಕ್ಕೆ ಅದರ ಪದಗಳಿಗಿಂತ ಅದರ ಹೊತ್ತೇ ಮುಖ್ಯ. ಹಣ ಕೈಗೆ ಬರುವ ಮೊದಲು, ಹೆಚ್ಚೆಂದರೆ ಕೈಗೆ ಬರುವ ಹೊತ್ತಿನಲ್ಲಿ, ಅದು ಎದುರಿನವನನ್ನು ತಲುಪಿರಬೇಕು. ಆಗ ಆತನಿಗೆ ಹಣ ಕೊಡದಿರುವ ಸ್ವಾತಂತ್ರ್ಯವೂ ಉಳಿದಿರುತ್ತದೆ. ಎಲ್ಲ ತಿಳಿದೂ ಆತನು ಕೊಟ್ಟನೆಂದರೆ, ಭಾಗಶಃ ಸಂದಾಯವೆಂದೇ ಕೊಟ್ಟನೆಂದು ಹೇಳಲು ಆಧಾರವಾಗುತ್ತದೆ. ಆತನು ಷರತ್ತನ್ನು ಬಿಡಲೊಲ್ಲನಾದರೆ ಹಣವನ್ನು ಮುಟ್ಟದಿರುವುದೇ ಮೇಲು. ಈ ಮೊದಲೇ ‘ಚುಕ್ತಾ’ ಎಂಬ ಚೀಟಿಗೆ ಸಹಿ ಮಾಡಿಬಿಟ್ಟವನ ಗತಿಯೇನೆಂದರೆ, ಆತನ ಬಾಗಿಲು ಪೂರ್ತಿ ಮುಚ್ಚಿಲ್ಲ. ವಿಮಾ ಕಂಪನಿಯ ತೀರುವಳಿ ರಸೀದಿಗೆ ಸಹಿ ಮಾಡಿದ ಗ್ರಾಹಕನು, ಆ ಸಹಿಯನ್ನು ಮೋಸದಿಂದ, ತಪ್ಪು ತಿಳಿವಳಿಕೆ ಕೊಟ್ಟು, ಅಥವಾ ಒತ್ತಾಯದಿಂದ ಪಡೆದರೆಂದು ತೋರಿಸಬಲ್ಲನಾದರೆ ದೂರನ್ನು ಮುಂದುವರಿಸಬಹುದೆಂದು 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆದರೆ ತೋರಿಸುವ ಹೊರೆ ಸಹಿ ಮಾಡಿದವನದು, ಆ ಹೊರೆ ಹಗುರವಾದುದಲ್ಲ.

ಇಲ್ಲಿ ಮತ್ತೊಂದು ತೊಡಕನ್ನು ಬಿಡಿಸಬೇಕು. ವಕೀಲರ ಪತ್ರಗಳನ್ನು ನೋಡಿದವರು ಕೆಲವರು ತಮ್ಮ ದೂರುಪತ್ರದ ಮೇಲ್ಭಾಗದಲ್ಲಿ ‘ವಿದೌಟ್ ಪ್ರಿಜುಡಿಸ್’ ಎಂದು ಬರೆದು, ಹಕ್ಕನ್ನು ಕಾದಿರಿಸಿದೆವೆಂದು ನೆಮ್ಮದಿಪಡುತ್ತಾರೆ. ಆ ಶೀರ್ಷಿಕೆಯು ಹುಟ್ಟಿದ್ದು ಬೇರೊಂದು ಉದ್ದೇಶಕ್ಕಾಗಿ. ವ್ಯಾಜ್ಯದಲ್ಲಿರುವ ಇಬ್ಬರು ರಾಜಿಯ ಮಾತುಕತೆ ನಡೆಸುವಾಗ ‘ಅರ್ಧಕ್ಕೆ ಒಪ್ಪುತ್ತೇನೆ’ ಎಂದು ಒಬ್ಬನು ಬರೆದರೆ, ರಾಜಿ ಮುರಿದ ಮೇಲೆ ಆ ಮಾತನ್ನೇ ತೋರಿಸಿ ‘ಇವನ ಹಕ್ಕು ಅರ್ಧವೇ ಎಂದು ಇವನೇ ಒಪ್ಪಿದ್ದಾನೆ’ ಎನ್ನಬಾರದಲ್ಲವೆ? ಅಂತಹ ಒಪ್ಪಿಗೆಯ ಮಾತನ್ನು, ಸಾಕ್ಷ್ಯವಾಗಿ ಬಳಸುವುದಿಲ್ಲವೆಂಬ ಸ್ಪಷ್ಟ ಷರತ್ತಿನ ಮೇಲೆ ಹೇಳಿದ್ದಲ್ಲಿ, ಸಿವಿಲ್ ಮೊಕದ್ದಮೆಯಲ್ಲಿ ಮುಂದಿಡುವಂತಿಲ್ಲವೆಂದು 1872ರ ಸಾಕ್ಷ್ಯ ಅಧಿನಿಯಮದ 23ನೆಯ ಪ್ರಕರಣ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 21ನೆಯ ಪ್ರಕರಣವೂ ಅದನ್ನೇ ಹೇಳುತ್ತದೆ. ಅಂದರೆ ಆ ಶೀರ್ಷಿಕೆಯ ಸ್ವಭಾವವೇ ಪತ್ರವನ್ನು ನ್ಯಾಯಪೀಠದ ಕಣ್ಣಿನಿಂದ ಮರೆಮಾಡುವುದು. ದೂರುಪತ್ರಕ್ಕಾದರೋ ಬೇಕಾದುದು ಇದಕ್ಕೆ ತೀರ ವಿರುದ್ಧವಾದುದು. ಇಂತಹ ದಿನ ಇಂತಹ ದೋಷವನ್ನು ತಿಳಿಸಿದೆನೆಂಬುದಕ್ಕೆ ಅದೇ ಮುಖ್ಯ ಆಧಾರ. ಕಾಣಿಸಬೇಕಾದ ಪತ್ರದ ಮೇಲೆ ಕಾಣಿಸಬಾರದೆಂಬ ಮುದ್ರೆಯನ್ನು ತಾನೇ ಒತ್ತಿ, ಎದುರಾಳಿಯ ವಕೀಲನಿಗೆ ಅನಾವಶ್ಯಕವಾದ ಆಕ್ಷೇಪಣೆಯೊಂದನ್ನು ಏಕೆ ಒದಗಿಸಬೇಕು? ಎಷ್ಟಕ್ಕೆ ಇಳಿಯಬಲ್ಲೆನೆಂಬ ರಾಜಿಯ ಮಾತನ್ನು ಬರೆಯಲೇಬೇಕಾದರೆ ಅದನ್ನು ಬೇರೆ ಹಾಳೆಯಲ್ಲಿ, ‘ಇದು ರಾಜಿಯ ಮಾತುಕತೆಗೆ ಮಾತ್ರ, ಸಾಕ್ಷ್ಯವಾಗಿ ಬಳಸತಕ್ಕದ್ದಲ್ಲ’ ಎಂದು ಬರೆದು ಕಳುಹಿಸುವುದು ಉಚಿತ. ದೂರು ದೂರಾಗಿಯೇ ಇರಲಿ.

ಈ ವಾಕ್ಯವು ಕೇವಲ ಸಾಕ್ಷ್ಯವಾಗಿ ನಿಲ್ಲದೆ ಹಕ್ಕಿನ ಕೀಲಿಯೇ ಆಗಿಬಿಡುವ ಸಂದರ್ಭವೊಂದು ಈ ಜಿಲ್ಲೆಯ ಜನರಿಗೆ ಚೆನ್ನಾಗಿ ಪರಿಚಯವಿರುವ ಭೂಸ್ವಾಧೀನದಲ್ಲಿ ಬರುತ್ತದೆ. 2013ರ ಭೂಸ್ವಾಧೀನ ಕಾಯಿದೆಯ 77ನೆಯ ಪ್ರಕರಣದಂತೆ, ಪರಿಹಾರದ ಮೊತ್ತ ಸಾಲದೆನ್ನುವವನು ಆ ಹಣವನ್ನು ಪ್ರತಿಭಟನೆಯೊಡನೆ ಪಡೆಯಬಹುದು. ಪ್ರತಿಭಟನೆಯಿಲ್ಲದೆ ಪಡೆದವನು ಹೆಚ್ಚಿನ ಪರಿಹಾರಕ್ಕಾಗಿ 64ನೆಯ ಪ್ರಕರಣದಡಿ ಅರ್ಜಿ ಹಾಕುವ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಹಳೆಯ 1894ರ ಕಾಯಿದೆಯಲ್ಲಿಯೂ ಈ ನಿಯಮವೇ ಇತ್ತು. ಆದುದರಿಂದ ಚೆಕ್ಕಿನ ಸ್ವೀಕೃತಿಗೆ ಸಹಿ ಮಾಡುವಾಗ ‘ಪ್ರತಿಭಟನೆಯೊಂದಿಗೆ ಪಡೆದಿದ್ದೇನೆ’ ಎಂಬ ಎರಡು ಪದಗಳನ್ನು ಸಹಿಯ ಪಕ್ಕದಲ್ಲಿ ಬರೆಯುವುದು ಅತ್ಯಗತ್ಯ. ಇದರಿಂದ ಅಧಿಕಾರಿಗೆ ಕೋಪ ಬರುವುದೆಂಬ ಭಯ ಬೇಡ. ಕಾಯಿದೆಯೇ ಕೊಟ್ಟಿರುವ ಮಾತನ್ನು ಬಳಸುವುದರಲ್ಲಿ ಅಗೌರವವಿಲ್ಲ, ಹಣ ಕೊಡುವುದನ್ನು ಅದಕ್ಕಾಗಿ ತಡೆಯುವಂತೆಯೂ ಇಲ್ಲ. ಆದರೆ ಎಲ್ಲ ಸ್ವಾಧೀನಕ್ಕೂ ಇದೇ ಕಾಯಿದೆ ಅನ್ವಯಿಸುವುದಿಲ್ಲವೆಂಬುದನ್ನು ನೆನಪಿಡಬೇಕು. ರಾಷ್ಟ್ರೀಯ ಹೆದ್ದಾರಿಗೆ ಹೋದ ಜಮೀನಿನ ಪರಿಹಾರದ ತಕರಾರು 1956ರ ಹೆದ್ದಾರಿ ಕಾಯಿದೆಯಂತೆ ಮಧ್ಯಸ್ಥಗಾರನ ಮುಂದೆ ಹೋಗುತ್ತದೆ. ಕೈಗಾರಿಕಾ ಪ್ರದೇಶಗಳ ಸ್ವಾಧೀನಕ್ಕೆ ರಾಜ್ಯದ 1966ರ ಕಾಯಿದೆ ಬೇರೆ. ಅಲ್ಲಿಯೂ ಒಪ್ಪಂದದ ಮೇಲೆ ಪರಿಹಾರ ಪಡೆದವನು ಒಪ್ಪಂದಕ್ಕೆ ಸಹಿ ಹಾಕಿ, ಪಕ್ಕದಲ್ಲಿ ಪ್ರತಿಭಟನೆ ಎಂದು ಬರೆದರೆ ಅದಕ್ಕೆ ಬೆಲೆ ಸಿಗಲಾರದು. ಒಪ್ಪಿದೆನೆಂಬ ಮಾತು, ಒಪ್ಪಲಿಲ್ಲವೆಂಬ ಮಾತು ಎರಡೂ ಒಂದೇ ಹಾಳೆಯಲ್ಲಿ ನಿಲ್ಲಲಾರವು.

ಇನ್ನು ಈ ವಾಕ್ಯದಿಂದ ಆಗದ ಕೆಲಸಗಳು. ನಾಟಿಯಾದ ಸಸಿಯನ್ನು ಅದು ಹಿಂದಕ್ಕೆ ಕೊಡಿಸಲಾರದು. 1930ರ ಸರಕು ಮಾರಾಟ ಅಧಿನಿಯಮದಂತೆ, ಪದಾರ್ಥವನ್ನು ಒಪ್ಪಿ ಬಳಸಿದ ಮೇಲೆ ತಿರಸ್ಕರಿಸುವ ಹಕ್ಕು ಹೋಗಿ ನಷ್ಟಪರಿಹಾರದ ಹಕ್ಕು ಮಾತ್ರ ಉಳಿಯುತ್ತದೆ, ಉಳಿದದ್ದನ್ನು ಕಾದಿರಿಸಬಹುದಲ್ಲದೆ ಹೋದದ್ದನ್ನಲ್ಲ. ಎರಡನೆಯದಾಗಿ, ಮತ್ತು ಇದು ಬಹಳ ಮುಖ್ಯ, ಅದು ಕಾಲವನ್ನು ನಿಲ್ಲಿಸಲಾರದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 69ನೆಯ ಪ್ರಕರಣದಂತೆ ದೂರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ಆಯೋಗಕ್ಕೆ ಹೋಗಬೇಕು. ಹಕ್ಕನ್ನು ಕಾದಿರಿಸಿದ್ದೇನೆಂದು ಎಷ್ಟು ಪತ್ರ ಬರೆದರೂ, ‘ನೋಡೋಣ, ಮುಂದಿನ ತಿಂಗಳು ಬಾ’ ಎಂದು ಎಷ್ಟು ಉತ್ತರ ಬಂದರೂ, ಆ ಎರಡು ವರ್ಷ ತನ್ನ ಪಾಡಿಗೆ ಸರಿದುಹೋಗುತ್ತದೆ. ತಡವಾದುದಕ್ಕೆ ಸಕಾರಣವಿದ್ದರೆ ಆಯೋಗ ಮನ್ನಿಸಬಹುದು, ಆದರೆ ಮಾತುಕತೆ ನಡೆಯುತ್ತಿತ್ತೆಂಬುದನ್ನು ಸಕಾರಣವೆಂದೇ ನಂಬಿ ಕೂರಲಾಗದು. ಸ್ನೇಹಕ್ಕೆ ಭಂಗ ಬಾರದಂತೆ ಬರೆಯುವ ಸಜ್ಜನರೇ ಈ ಗುಂಡಿಯಲ್ಲಿ ಬೀಳುವುದು ಹೆಚ್ಚು. ಆಗಸ್ಟ್ 10ರಂದು ದೋಷ ಕಂಡ ನಮ್ಮ ರೈತನು ಆ ತಾರೀಖನ್ನು ಎರಡು ವರ್ಷ ಮುಂದೆ ಎಣಿಸಿ, ಅದಕ್ಕೆ ಮೂರು ತಿಂಗಳು ಮೊದಲಿನ ದಿನವನ್ನು ತನ್ನ ಪತ್ರದ ನಕಲಿನ ಮೇಲೆ ಗುರುತು ಹಾಕಿಕೊಳ್ಳಬೇಕು. ಮಾತುಕತೆ ಅಷ್ಟರೊಳಗೆ ಮುಗಿಯದಿದ್ದರೆ, ತಲುಪಿದ ದಾಖಲೆ ದೊರೆಯುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದ ಆ ಪತ್ರದ ನಕಲು, ಅಂಚೆಯ ರಸೀದಿ, ಬಿಲ್ಲು, ಇಲಾಖೆಯ ವರದಿ ಇಷ್ಟನ್ನು ಜೋಡಿಸಿಕೊಂಡು ಕೋಲಾರದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ಕೊಡಬಹುದು. ಸಸಿ ಬೆಳೆಸಿದವರು ಯಾವ ಊರಿನವರಾಗಿದ್ದರೂ ಗ್ರಾಹಕನು ತಾನು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದೆಂಬುದು 2019ರ ಅಧಿನಿಯಮ ಕೊಟ್ಟ ಅನುಕೂಲ. ಕೊಂಡ ಪದಾರ್ಥಕ್ಕೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.